ಹಾಲಿನ ಲೆಕ್ಕ, ನಡಿಗೆಯ ಲೆಕ್ಕ

2025ರ ಯುಗಾದಿ ಮಾರ್ಚ್ 30ರಂದು, ಭಾನುವಾರ ಬಂದಿತ್ತು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುವ ಯಾರಾದರೂ ಹಣಕಾಸು ವರ್ಷ ಮುಗಿಯುವ ಹಿಂದಿನ ದಿನ ಹೊಸ ಅಭ್ಯಾಸವೊಂದನ್ನು ಶುರು ಮಾಡುತ್ತಾರೆಯೇ? ನಾನು ಮಾಡಿದೆ. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ 6.1 ಬಂದಿತ್ತು. ಇದಿನ್ನೂ ಕಾಯಿಲೆಯಲ್ಲ, ಆದರೆ ಕಾಯಿಲೆಯ ಹೊಸ್ತಿಲು, ದಿನವೂ ನಡೆಯಿರಿ ಎಂದು ವೈದ್ಯರು ಹೇಳಿದ್ದರು. ಬೇವುಬೆಲ್ಲ ತಿಂದು ಕೈ ತೊಳೆದವಳೇ ಎಕ್ಸೆಲ್ ತೆರೆದು ಏಳು ಕಾಲಂಗಳ ಒಂದು ಪಟ್ಟಿ ಹಾಕಿದೆ. ಐದೂಕಾಲಕ್ಕೆ ಏಳುವುದು, ಬಿಸಿನೀರು ಕುಡಿಯುವುದು, ಪ್ರಾಣಾಯಾಮ, ಕಾರವಾರದ ಕೋಡಿಬಾಗದ ಮನೆಯಿಂದ ಕಡಲತೀರದವರೆಗೆ ಹೋಗಿ ಬರುವ ನಲವತ್ತು ನಿಮಿಷದ ನಡಿಗೆ, ಹತ್ತು ಪುಟ ಓದು, ಅರ್ಧ ಪುಟ ಬರವಣಿಗೆ, ಏಳು ಗಂಟೆಯವರೆಗೆ ಮೊಬೈಲ್ ಮುಟ್ಟದಿರುವುದು. ಕೊನೆಯಲ್ಲಿ ಎಂಟನೆಯ ಕಾಲಂ ಒಂದಿತ್ತು. ಏಳೂ ಆದ ದಿನಕ್ಕೆ ಅದರಲ್ಲಿ ಒಂದು ಹಸಿರು ಚೌಕ.

ಆ ಪಟ್ಟಿ ಮೂರನೆಯ ದಿನಕ್ಕೇ ಸತ್ತಿತು. ಏಕೆ ಎಂಬುದು ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಲೆಕ್ಕದವಳಾಗಿ ಇದು ಮೊದಲೇ ಹೊಳೆಯಬೇಕಿತ್ತು. ಒಂದೊಂದು ಕೆಲಸವನ್ನೂ ಹತ್ತರಲ್ಲಿ ಒಂಬತ್ತು ದಿನ ಮಾಡುವಷ್ಟು ಶಿಸ್ತು ನನಗಿದೆ ಎಂದೇ ಇಟ್ಟುಕೊಳ್ಳೋಣ, ಅದೇನೂ ಕಡಿಮೆ ಶಿಸ್ತಲ್ಲ. ಆದರೂ ಏಳೂ ಒಂದೇ ದಿನ ಕೂಡಿಬರುವ ಸಂಭವ 0.9ನ್ನು ಏಳು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.48. ತಿಂಗಳ ಅರ್ಧದಷ್ಟು ದಿನಗಳಿಗೂ ಹಸಿರು ಚೌಕ ಸಿಗದು. ಅಷ್ಟು ಶಿಸ್ತಿದ್ದವಳನ್ನೂ ದಿನ ಬಿಟ್ಟು ದಿನ ಸೋತವಳೆಂದು ತೋರಿಸುವ ಪಟ್ಟಿ ಅದು. ಆರು ಕಾಲಂ ಅಳಿಸಿ ನಡಿಗೆಯೊಂದನ್ನೇ ಉಳಿಸಿಕೊಂಡೆ. ಉಳಿದವು ಆದರೆ ಆಗಲಿ, ಗುರುತು ಮಾತ್ರ ನಡಿಗೆಗೆ. ಅದೃಷ್ಟಕ್ಕೆ ನಡಿಗೆ ಮಾತ್ರ ಯುಗಾದಿಯಿಂದ ಒಂದು ದಿನವೂ ತಪ್ಪಿರಲಿಲ್ಲ.

ನಡಿಗೆಯ ಪಕ್ಕದ ಕಾಲಂನಲ್ಲಿ ಸತತ ದಿನಗಳ ಎಣಿಕೆ ಇಟ್ಟೆ. ಮೊಬೈಲ್ ಆ್ಯಪ್‌ಗಳು ಸ್ಟ್ರೀಕ್ ಎನ್ನುವುದು ಇದನ್ನೇ, ನಾನು ಸರಪಳಿ ಎನ್ನುತ್ತೇನೆ. ಸೂತ್ರ ತೀರಾ ಸುಲಭ. A ಕಾಲಂನಲ್ಲಿ ತಾರೀಖು, B ಕಾಲಂನಲ್ಲಿ ಗುರುತು, C ಕಾಲಂನಲ್ಲಿ ಎಣಿಕೆ:

```
=IF(B3=1,C2+1,0)
```

ಇವತ್ತು ಮಾಡಿದ್ದರೆ ನಿನ್ನೆಯ ಸಂಖ್ಯೆಗೆ ಒಂದು ಕೂಡಿಸು, ಇಲ್ಲವಾದರೆ ಸೊನ್ನೆ. ಆ ಕೊನೆಯ ಸೊನ್ನೆ ಏನು ಮಾಡುತ್ತದೆ ಎಂದು ಸೂತ್ರ ಬರೆಯುವಾಗ ನಾನು ಯೋಚಿಸಲಿಲ್ಲ.

ಏಪ್ರಿಲ್ 21ಕ್ಕೆ ಸರಪಳಿ 23 ಆಗಿತ್ತು. ಮಾರ್ಚ್ 31ರ ರಾತ್ರಿ ಕಚೇರಿಯಿಂದ ಹತ್ತೂವರೆಗೆ ಬಂದರೂ ಮರುದಿನ ಎದ್ದು ನಡೆದಿದ್ದೆ. 23ರ ಮೇಲೆ ನನಗೆ ಹಮ್ಮು ಬಂದಿತ್ತು, ಕಚೇರಿಯಲ್ಲಿ ಪಕ್ಕದ ಮೇಜಿನವಳಿಗೂ ಹೇಳಿಯಾಗಿತ್ತು. ಅಂದು ಸಂಜೆ ಶಿರಸಿಯಲ್ಲಿ ತವರಿನ ಕಡೆಯ ಮದುವೆ. ಊಟ ಮುಗಿಸಿ, ಕುಮಟಾದ ಮೇಲೆ ಮನೆ ಸೇರುವಾಗ ರಾತ್ರಿ ಎರಡು ಗಂಟೆ. 22ರ ಬೆಳಗ್ಗೆ ಕಣ್ಣು ಬಿಟ್ಟದ್ದು ಎಂಟಕ್ಕೆ. ಮಧ್ಯಾಹ್ನ ಹಾಳೆ ತೆರೆದೆ. ನಿನ್ನೆ 23 ಇದ್ದ ಸಾಲಿನ ಕೆಳಗೆ 0 ಕುಳಿತಿತ್ತು.

ಮುಂದಿನ ಹತ್ತೊಂಬತ್ತು ದಿನ ನಾನು ನಡೆಯಲಿಲ್ಲ.

ಇದನ್ನು ಆಮೇಲೆ ಎಷ್ಟೋ ಸಲ ಕೂಡಿ ಕಳೆದು ನೋಡಿದ್ದೇನೆ. ಏಪ್ರಿಲ್ 22ರಿಂದ ಮೇ 10ರವರೆಗಿನ ಹತ್ತೊಂಬತ್ತು ದಿನಗಳಲ್ಲಿ ಮದುವೆಯ ಖಾತೆಗೆ ಬೀಳುವುದು ಒಂದೇ ದಿನ. ಮಿಕ್ಕ ಹದಿನೆಂಟು ದಿನ ಮಳೆಯಿರಲಿಲ್ಲ, ಜ್ವರವಿರಲಿಲ್ಲ, ನೆಂಟರಿರಲಿಲ್ಲ. ಬೆಳಗ್ಗೆ ಎಚ್ಚರವೂ ಆಗುತ್ತಿತ್ತು. ಆದರೆ ಹೋದರೆ ಹಾಳೆಯಲ್ಲಿ 1 ಎಂದು ಬೀಳುತ್ತದೆ, 23 ಕಂಡವಳಿಗೆ ಆ 1ನ್ನು ನೋಡುವ ಮನಸ್ಸಿರಲಿಲ್ಲ. ಹೇಗೂ ಹೋಯಿತಲ್ಲ, ಸೋಮವಾರದಿಂದ ಶುರು ಮಾಡೋಣ ಎಂದುಕೊಂಡೆ. ಸೋಮವಾರ ಬಂತು, ಒಂದನೆಯ ತಾರೀಖಿನಿಂದ ಎಂದುಕೊಂಡೆ. ಪಥ್ಯದಲ್ಲಿರುವವರು ಒಂದು ಜಿಲೇಬಿ ತಿಂದ ಮೇಲೆ ಇನ್ನೇನು ಉಳಿಯಿತು ಎಂದು ತಟ್ಟೆ ಖಾಲಿ ಮಾಡುವುದನ್ನು ಮನಶ್ಶಾಸ್ತ್ರಜ್ಞರಾದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ದಶಕಗಳ ಹಿಂದೆಯೇ ಗುರುತಿಸಿದ್ದರು. ನನ್ನದೂ ಅದೇ ಜಿಲೇಬಿಯ ಕಥೆ.

ಮೇ 11ರಂದು ಮತ್ತೆ ಶುರು ಮಾಡಿದೆ. ಈ ಸಲ ಸರಪಳಿ ತುಂಡಾಗಲು ಬಿಡುವುದೇ ಇಲ್ಲ ಎಂಬ ಹಟದಿಂದ. ಹಟ ಎಲ್ಲಿಗೆ ಒಯ್ಯಿತೆಂದರೆ, ಮೇ 20ರ ಬೆಳಗ್ಗೆ ಏಳಲಾಗದೆ ಇಡೀ ದಿನ ಕಚೇರಿಯಲ್ಲಿ ಕಳೆದವಳು ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ನಮ್ಮ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಲವತ್ತು ನಿಮಿಷ ನಡೆದೆ. ಹನ್ನೆರಡಕ್ಕೆ ಸರಿಯಾಗಿ ಮುಗಿಸಬೇಕಿತ್ತು, ತಾರೀಖು ಬದಲಾಗುತ್ತದಲ್ಲ. "ಈ ಹೊತ್ತಿನಲ್ಲಿ ಯಾವ ದೇವರ ಪ್ರದಕ್ಷಿಣೆ?" ಎಂದು ಇವರು ಮುಸುಕಿನೊಳಗಿಂದಲೇ ಕೇಳಿದರು. ಉತ್ತರಿಸಲಿಲ್ಲ. ಬೆಳಗಿನ ಅಭ್ಯಾಸಕ್ಕೂ ಆ ನಡಿಗೆಗೂ ಯಾವ ಸಂಬಂಧವೂ ಇರಲಿಲ್ಲ. ಕಾಲಂ ತುಂಬಬೇಕಿತ್ತು, ತುಂಬಿದೆ.

ಆ ವರ್ಷ ಮುಂಗಾರು ಯಾರನ್ನೂ ಕೇಳದೆ ಬಂತು. ಸಾಮಾನ್ಯವಾಗಿ ಜೂನ್ ಒಂದರ ಹೊತ್ತಿಗೆ ಕೇರಳ ಮುಟ್ಟುವುದು ಮೇ 24ಕ್ಕೇ ಮುಟ್ಟಿತು, ನಮ್ಮ ಕರಾವಳಿಗೆ ಬರಲು ಮತ್ತೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. 25ರ ಬೆಳಗ್ಗೆ ಕಾರವಾರದಲ್ಲಿ ಕೊಡೆ ಬಿಚ್ಚಿದರೆ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುವಂಥ ಗಾಳಿಮಳೆ. ಹದಿನಾಲ್ಕು ದಿನದ ಸರಪಳಿ ತುಂಡಾಯಿತು. ಅಂದು ಸಂಜೆ ಹಾಳೆ ತೆರೆದು 0 ನೋಡಿ, ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಗೆ ಹೋದೆ.

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಅತ್ತೆಯವರ ಕ್ಯಾಲೆಂಡರ್ ಇದೆ. ಅದರ ಮೊಳೆಗೆ ದಾರ ಕಟ್ಟಿ ಒಂದು ಮೋಟು ಪೆನ್ಸಿಲ್ ಇಳಿಬಿಟ್ಟಿದ್ದಾರೆ. ಹಾಲಿನವನು ಬಾರದ ದಿನ ಆ ತಾರೀಖಿನ ಚೌಕದ ಮೂಲೆಯಲ್ಲಿ ಒಂದು ಸಣ್ಣ ಕಾಟು, ಹೆಚ್ಚು ತೆಗೆದುಕೊಂಡ ದಿನ ಎಷ್ಟು ಎಂದು ಬರೆದ ಅಂಕೆ. ಇಪ್ಪತ್ತೈದು ವರ್ಷಗಳಿಂದ ಇದೇ ಪದ್ಧತಿ. ನಾನು ಹೋದಾಗ ಅವರು 25ರ ಚೌಕದಲ್ಲಿ ಕಾಟು ಹಾಕುತ್ತಿದ್ದರು. ಮಳೆಗೆ ಅವನೂ ಬಂದಿರಲಿಲ್ಲ.

ನಾನು ತಮಾಷೆಗೆ ಕೇಳಿದೆ: "ಹಾಗಾದರೆ ಅವನ ಲೆಕ್ಕ ನಾಳೆಯಿಂದ ಮತ್ತೆ ಒಂದರಿಂದ ಶುರುವೇ ಅತ್ತೆ?"

ಅವರು ಪೆನ್ಸಿಲ್ ಬಿಟ್ಟು ನನ್ನನ್ನೇ ನೋಡಿದರು. "ಏನು ಮಾತೇ ಕೂಸೇ ಅದು? ಇಪ್ಪತ್ತನಾಲ್ಕು ದಿನ ಕುಡಿದ ಹಾಲಿಗೆ ದುಡ್ಡು ಕೊಡುವುದು ಬೇಡವೇ?"

ಇಷ್ಟೇ. ಅವರು ಒಲೆಯ ಕಡೆ ತಿರುಗಿದರು. ನಾನು ಆ ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಜೀವನವಿಡೀ ಲೆಕ್ಕ ಬರೆಯುವುದೇ ಕೆಲಸವಾಗಿದ್ದ ನಾನು, ಕಡೆಯ ಸಲ ತಪ್ಪಿದ ದಿನದಿಂದೀಚೆಗೆ ಮಾತ್ರ ಎಣಿಸುವ ಪುಸ್ತಕವನ್ನು ಲೆಕ್ಕವೆಂದು ನಂಬಿದ್ದೆ. ಒಂದು ದಿನ ಚೆಕ್ ವಾಪಸಾಯಿತೆಂದು ಗ್ರಾಹಕರ ಹಿಂದಿನ ಜಮೆಗಳನ್ನೆಲ್ಲ ಅಳಿಸಿದರೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಆದರೆ ಹಾಲಿನ ಲೆಕ್ಕವನ್ನು ಇದ್ದಂತೆಯೇ ಎತ್ತಿ ತರಲು ಆಗದು. ಒಟ್ಟು ದಿನಗಳನ್ನು ಮಾತ್ರ ಕೂಡಿಸುತ್ತ ಹೋದರೆ ಆ ಸಂಖ್ಯೆ ಎಂದೂ ಕೆಳಗಿಳಿಯುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೂ ಹಳೆಯ ನೂರು ದಿನ ನೂರಾಗಿಯೇ ಇರುತ್ತದೆ, ಅದೂ ಸುಳ್ಳು. ಅಭ್ಯಾಸ ಬಿಟ್ಟರೆ ಸಡಿಲವಾಗುತ್ತದೆ, ಆದರೆ ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ನನಗೆ ಬೇಕಾದದ್ದು ನಿಧಾನವಾಗಿ ಏರುವ, ನಿಧಾನವಾಗಿ ಇಳಿಯುವ ಸಂಖ್ಯೆ. ಆ್ಯಂಡ್ರಾಯ್ಡ್ ಮೊಬೈಲ್‌ಗೆ ಉಚಿತವಾಗಿ ಸಿಗುವ ಲೂಪ್ ಹ್ಯಾಬಿಟ್ ಟ್ರ್ಯಾಕರ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಂಥದ್ದೊಂದು ಅಂಕವಿದೆ. ಬರೆಯುವುದು ಕಷ್ಟವೇನಲ್ಲ, ನಿನ್ನೆಯ ಅಂಕದ ನೂರಕ್ಕೆ ತೊಂಬತ್ತೈದು ಭಾಗ ಉಳಿಸಿಕೊಳ್ಳುವುದು, ಇವತ್ತು ಮಾಡಿದ್ದರೆ ಅದಕ್ಕೆ 5 ಸೇರಿಸುವುದು. D ಕಾಲಂನಲ್ಲಿ ಹೀಗೆ ಬರೆದೆ:

```
=D2*0.95+N(B3)*5
```

N ಎಂಬುದು ಖಾಲಿ ಸೆಲ್ಲನ್ನೂ ಅಕ್ಷರವನ್ನೂ ಸೊನ್ನೆಯೆಂದು ಓದುತ್ತದೆ. ಮೊದಲ ಸಾಲಿನ D2ರಲ್ಲಿ 0 ಹಾಕಿ ಸೂತ್ರವನ್ನು ಕೆಳಗೆ ಎಳೆದರಾಯಿತು.

ಯುಗಾದಿಯಿಂದ ಇದ್ದ ಗುರುತುಗಳ ಮೇಲೆಯೇ ಇದನ್ನು ಓಡಿಸಿ ನೋಡಿದೆ. ಮೊದಲ ದಿನದ ಅಂಕ 5. ಇಪ್ಪತ್ತಮೂರನೆಯ ದಿನಕ್ಕೆ 69.3. ಮದುವೆಯ ಮರುದಿನ ತಪ್ಪಿದ್ದಕ್ಕೆ ಅದು ಇಳಿದದ್ದು 65.8ಕ್ಕೆ. ಅದರ ಮರುದಿನವೇ ನಾನು ಎದ್ದು ಹೋಗಿದ್ದರೆ 67.5, ಮತ್ತೊಂದು ದಿನಕ್ಕೆ 69.1, ಮೂರನೆಯ ದಿನಕ್ಕೆ 70.7. ಅಂದರೆ ಒಂದು ಮದುವೆಯ ಖರ್ಚು ಮೂರು ದಿನದಲ್ಲಿ ತೀರುತ್ತಿತ್ತು. ಹದಿನೆಂಟು ದಿನ ಮುಖ ತಿರುಗಿಸಿ ಕುಳಿತದ್ದರಿಂದ ಮೇ 10ಕ್ಕೆ ಅಂಕ 26.1ಕ್ಕೆ ಕುಸಿದಿತ್ತು. ಆ ಕುಸಿತ ನ್ಯಾಯವಾದದ್ದು, ಅದನ್ನು ನಾನು ಒಪ್ಪುತ್ತೇನೆ. ಆಮೇಲಿನ ಹದಿನಾಲ್ಕು ದಿನ ಅದನ್ನು 64ಕ್ಕೆ ಎತ್ತಿತ್ತು, 25ರ ಮಳೆ 60.8ಕ್ಕೆ ಇಳಿಸಿತ್ತು. ಒಂದೇ ದಿನ, ಒಂದೇ ಸಾಲು: C ಕಾಲಂನಲ್ಲಿ 0, D ಕಾಲಂನಲ್ಲಿ 60.8. ಎರಡೂ ಗಣಿತದ ಪ್ರಕಾರ ಸರಿ. ಆದರೆ ಮರುದಿನ ಬೆಳಗ್ಗೆ ಚಪ್ಪಲಿ ಹಾಕಿಸುವುದು ಎರಡನೆಯದು.

ಹಾಲ್‌ನಲ್ಲಿ ಪ್ರದಕ್ಷಿಣೆ ಹಾಕಿದ ಮೇ 20ರ ಗುರುತನ್ನು ಆ ಸಂಜೆಯೇ ತೆಗೆದೆ. ಅಂಕ 56.9ಕ್ಕೆ ಬಂತು. ಒಂದು ಸುಳ್ಳಿನ ಬೆಲೆ 3.9. ಸರಪಳಿಯಲ್ಲಿ ಆ ಸುಳ್ಳನ್ನು ಒಪ್ಪಿಕೊಳ್ಳಬೇಕೆಂದರೆ ಹಿಂದಿನ ಒಂಬತ್ತು ದಿನವನ್ನೂ ಕೈಬಿಡಬೇಕಿತ್ತು, ಅದಕ್ಕೇ ಸುಳ್ಳು ಬರೆದಿದ್ದೆ. ಒಪ್ಪಿಕೊಳ್ಳುವುದು ಅಗ್ಗವಾದ ಮೇಲೆ ಸುಳ್ಳು ಬರೆಯುವ ಅಗತ್ಯ ಮತ್ತೆ ಬೀಳಲಿಲ್ಲ.

ಸೂತ್ರದಲ್ಲಿ ಎರಡು ತೊಡಕು ಕಾಣಿಸಿತು. ಡಿಸೆಂಬರ್‌ವರೆಗೂ ಎಳೆದು ಬಿಟ್ಟಿದ್ದರಿಂದ, ಇನ್ನೂ ಬಾರದ ದಿನಗಳೆಲ್ಲ ತಪ್ಪಿದ ದಿನಗಳೆಂದೇ ಎಣಿಕೆಯಾಗಿ ಗ್ರಾಫಿನ ಗೆರೆ ಜಾರುಬಂಡಿಯ ಹಾಗೆ ನೆಲ ಸೇರಿತ್ತು. ಅದಕ್ಕಿಂತ ಕಿರಿಕಿರಿಯದ್ದು ಇನ್ನೊಂದು. ಬೆಳಗ್ಗೆ ಎದ್ದು ಹಾಳೆ ತೆರೆದರೆ, ಇನ್ನೂ ಮನೆ ಬಿಟ್ಟೇ ಇಲ್ಲ, ಆಗಲೇ ಇವತ್ತಿನ ಅಂಕ ಇಳಿದಿರುತ್ತಿತ್ತು. ಹೊರಡುವ ಮೊದಲೇ ಬೈಸಿಕೊಂಡ ಹಾಗೆ. ಇವತ್ತಿನ ಹಾಗೂ ಮುಂದಿನ ದಿನಗಳ ಸೆಲ್ ಖಾಲಿಯಿದ್ದರೆ ಏನೂ ತೋರಿಸಬೇಡ ಎಂದು ಸೇರಿಸಿದೆ. ಜೊತೆಗೆ, ಕೆಳಗೆ ವಿವರಿಸುವ ರಜೆಗಾಗಿ R ಎಂಬ ಗುರುತನ್ನೂ:

```
=IF(AND(A3>=TODAY(),B3=""),"",
 IF(B3="R",D2,D2*0.95+N(B3)*5))
```

ಇದು ಈಗಲೂ ಓಡುತ್ತಿರುವ ಸೂತ್ರ. ಗೂಗಲ್ ಶೀಟ್‌ನಲ್ಲೂ ಹೀಗೆಯೇ ನಡೆಯುತ್ತದೆ.

ಜೂನ್ ಒಂದರಿಂದ ಮಳೆಯನ್ನು ಎದುರಿಟ್ಟುಕೊಂಡೇ ನಡಿಗೆಯ ಎರಡು ರೂಪ ಮಾಡಿಕೊಂಡೆ. ದೊಡ್ಡದು ಕಡಲತೀರದ ನಲವತ್ತು ನಿಮಿಷ. ಚಿಕ್ಕದು ಜಗಲಿಯಲ್ಲಿ ಹತ್ತು ನಿಮಿಷ. ಹಲ್ಲುಜ್ಜಿ ಹೊರಬಂದ ಕೂಡಲೇ ಚಪ್ಪಲಿ ಹಾಕಬೇಕು, ಆಮೇಲೆ ಆಕಾಶ ನೋಡಿ ಯಾವುದು ಎಂದು ತೀರ್ಮಾನ. ಮೊದಲು ಚಿಕ್ಕದಕ್ಕೆ ಅರ್ಧ ಅಂಕ ಕೊಡುತ್ತಿದ್ದೆ. ಹತ್ತು ದಿನ ತಪ್ಪದೆ ಮಾಡಿದರೂ ಅಂಕ 50ರ ಕಡೆಗೇ ಎಳೆಯುತ್ತಿತ್ತು, ಅರ್ಧರ್ಧವನ್ನೇ ಸದಾ ಸೇರಿಸಿದರೆ ಅದು ನಿಲ್ಲುವುದೇ ಐವತ್ತರಲ್ಲಿ. ಆಗ ನಾನು ಅಳೆಯುತ್ತಿರುವುದಾದರೂ ಏನು ಎಂದು ಕೇಳಿಕೊಂಡೆ. ಹಲ್ಲುಜ್ಜಿದ ಮೇಲೆ ಚಪ್ಪಲಿಗೆ ಕೈ ತಾನಾಗಿ ಹೋಗುವುದು ಒಂದು ವಿಷಯ, ಸಕ್ಕರೆ ಇಳಿಸುವಷ್ಟು ನಡೆಯುವುದು ಇನ್ನೊಂದು. ಎರಡನ್ನೂ ಒಂದೇ ಸಂಖ್ಯೆಗೆ ತುರುಕಿದ್ದೆ. ಈಗ ಚಿಕ್ಕದಕ್ಕೂ ಪೂರ್ತಿ 1, ನಿಮಿಷಗಳಿಗೆ ಬೇರೆ ಕಾಲಂ. ಜುಲೈಯಲ್ಲಿ ನಿಮಿಷಗಳ ಮೊತ್ತ ತೀರಾ ಬಡವಾಗಿತ್ತು, ಅದನ್ನು ಅಂಕ ಮುಚ್ಚಿಡಲಿಲ್ಲ, ಪಕ್ಕದ ಕಾಲಂನಲ್ಲಿ ಎದ್ದು ಕಾಣುತ್ತಿತ್ತು. ಆದರೆ ಮಳೆ ಬಿಟ್ಟ ದಿನ ಚಪ್ಪಲಿ ಹಾಕಿದವಳು ಜಗಲಿಯಲ್ಲಿ ನಿಲ್ಲದೆ ಗೇಟು ದಾಟಿ ಹೋಗುತ್ತಿದ್ದೆ.

ತಪ್ಪಿದ ದಿನಕ್ಕೆ ಕಾರಣ ಬರೆಯಲು E ಕಾಲಂ ಇಟ್ಟಿದ್ದೆ. ಕಥೆ ಬರೆಯಲು ಜಾಗವಿಲ್ಲ, ಒಂದೇ ಅಕ್ಷರ. ಮಳೆಗೆ ಮ, ರಾತ್ರಿ ತಡವಾಗಿ ಮಲಗಿದ್ದಕ್ಕೆ ರಾ, ಪರವೂರಿಗೆ ಊ, ಸುಮ್ಮನೆ ಸೋಮಾರಿತನಕ್ಕೆ ಸೋ. ಜೂನ್, ಜುಲೈ, ಆಗಸ್ಟ್ ಸೇರಿ 92 ದಿನಗಳಲ್ಲಿ 21 ದಿನ ತಪ್ಪಿತ್ತು. ಎಣಿಸುವ ಮೊದಲು ಯಾರು ಕೇಳಿದ್ದರೂ ಮಳೆಯನ್ನೇ ದೂರುತ್ತಿದ್ದೆ. ಕಾರವಾರದ ಮಳೆಗಾಲಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲವಲ್ಲ.

```
=COUNTIF(E:E,"ರಾ")
```

ಮ ಮೂರು. ಸೋ ಮೂರು. ಊ ನಾಲ್ಕು. ರಾ ಹನ್ನೊಂದು.

ಮಳೆ ನಿರಪರಾಧಿ. ಜಗಲಿಯ ಹತ್ತು ನಿಮಿಷ ಅದನ್ನು ನಿಭಾಯಿಸಿತ್ತು. ರಾ ಬಿದ್ದ ತಾರೀಖುಗಳ ಮೇಲೆ ಬೆರಳಿಟ್ಟು ಹೋದೆ: ಜೂನ್ 12, ಜೂನ್ 21, ಜೂನ್ 22, ಜುಲೈ 12, ಜುಲೈ 21... ಅಲ್ಲಿಗೆ ನಗು ಬಂತು. ಪ್ರತಿ ತಿಂಗಳು 11ನೆಯ ತಾರೀಖು ಮಾರಾಟದ ವಿವರ ತೋರಿಸುವ ಜಿಎಸ್‌ಟಿಆರ್-1 ಸಲ್ಲಿಸುವ ಗಡುವು, 20 ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಯ ಗಡುವು. ಗ್ರಾಹಕರು ಬಿಲ್ಲುಗಳ ಚೀಲ ಹಿಡಿದು ಬರುವುದೇ ಆ ಸಂಜೆ. ನಾವು ಮನೆ ಸೇರುವುದು ಹತ್ತರ ಮೇಲೆ, ಊಟ ಮಾಡಿ ಮಲಗುವಾಗ ಹನ್ನೆರಡು. ಹನ್ನೊಂದು ರಾ ಗುರುತುಗಳಲ್ಲಿ ಒಂಬತ್ತು ಈ ಎರಡು ಗಡುವುಗಳ ಮರುದಿನವೋ ಅದರಾಚೆ ದಿನವೋ ಬಿದ್ದಿದ್ದವು. ಹಾಲ್‌ನ ಪ್ರದಕ್ಷಿಣೆಯೂ ನಡೆದದ್ದು ಮೇ 20ರಂದು, ಅಂದು ಬೆಳಗ್ಗೆ ಏಳಲಾಗದ್ದು 19ರ ರಾತ್ರಿಯ ಕಾಗದಪತ್ರಗಳಿಂದ. ಇಚ್ಛಾಶಕ್ತಿ ಕಡಿಮೆ ಎಂದು ಎರಡು ತಿಂಗಳು ನನ್ನನ್ನು ನಾನೇ ಬೈದುಕೊಂಡದ್ದರ ಹಿಂದೆ ಇದ್ದದ್ದು ತೆರಿಗೆ ಇಲಾಖೆಯ ವೇಳಾಪಟ್ಟಿ.

ಸಿಕ್ಕ ಮೇಲೆ ಪರಿಹಾರ ಐದು ನಿಮಿಷದ್ದು. ವರ್ಷಪೂರ್ತಿ 12 ಮತ್ತು 21ನೆಯ ತಾರೀಖಿನ ಸಾಲುಗಳಿಗೆ ತಿಳಿಹಳದಿ ಬಣ್ಣ ಹಚ್ಚಿ, "7 ಗಂಟೆ, ಜಗಲಿ" ಎಂದು ಮೊದಲೇ ಬರೆದಿಟ್ಟೆ. ಆ ಎರಡು ದಿನ ಅಲಾರಂ ಐದೂವರೆಗೆ ಹೊಡೆಯುವುದೇ ಇಲ್ಲ. ನಿದ್ದೆ ಪೂರ್ತಿ ಮಾಡಿ, ಏಳು ಗಂಟೆಗೆ ಹಲ್ಲುಜ್ಜಿ, ಅದೇ ಚಪ್ಪಲಿ, ಹತ್ತು ನಿಮಿಷ.

ರಜೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಅದನ್ನು ಯಾವ ದೋಣಿಯವರೂ ಸೋಲೆಂದು ಬರೆದುಕೊಳ್ಳುವುದಿಲ್ಲ, ತಾರೀಖು ಮೊದಲೇ ಗೊತ್ತಿರುತ್ತದೆ. ಸೆಪ್ಟೆಂಬರ್‌ನಲ್ಲಿ ಎಂಜಿನ್ ಕೆಟ್ಟು ನಿಂತರೆ ಅದು ಬೇರೆ ಮಾತು. R ಗುರುತಿಗೆ ನಾನು ಇಟ್ಟುಕೊಂಡ ನಿಯಮವೂ ಇದೇ: ಹಿಂದಿನ ರಾತ್ರಿ ಮಲಗುವ ಮೊದಲು ಬರೆದಿದ್ದರೆ ಮಾತ್ರ ರಜೆ, ಬೆಳಗ್ಗೆ ಹಾಸಿಗೆಯಲ್ಲಿ ಹೊರಳುತ್ತ ಬರೆದರೆ ಅಲ್ಲ. R ಬಿದ್ದ ದಿನ ಅಂಕ ಏರದು, ಇಳಿಯದು, ನಿನ್ನೆಯದೇ ಮುಂದುವರಿಯುತ್ತದೆ. ಆಗಸ್ಟ್ 27ರ ಚೌತಿಗೆ 26ರಿಂದ 28ರವರೆಗೆ ಮೂರು R ಹಾಕಿದೆ. ಚಕ್ಕುಲಿ, ಕಡುಬು, ಮನೆ ತುಂಬ ಜನ. ಬೆಳಗ್ಗೆ ಕಡಲು ನೋಡಲು ಹೋಗುತ್ತೇನೆಂದರೆ ಅತ್ತೆಯವರು ಕಡಲಿಗೇ ತಳ್ಳುತ್ತಿದ್ದರು.

ಇದರಲ್ಲೂ ಕಳ್ಳದಾರಿ ಇದೆ. ಅಕ್ಟೋಬರ್‌ನಲ್ಲಿ ಏಳು R ಬಿದ್ದಿದ್ದವು. ದೀಪಾವಳಿಯದು ಮೂರು, ಸರಿ. ಉಳಿದ ನಾಲ್ಕರಲ್ಲಿ ಒಂದು "ಸ್ವಲ್ಪ ಶೀತ ಆಗುವ ಹಾಗಿದೆ" ಎಂಬ ಭವಿಷ್ಯವಾಣಿ. ಅಂಕ 80ರಲ್ಲಿ ಸುಖವಾಗಿ ಕೂತಿತ್ತು, ನಾನೂ ಸುಖವಾಗಿ ಮಲಗಿದ್ದೆ. ಅಂದಿನಿಂದ ತಿಂಗಳಿಗೆ ನಾಲ್ಕೇ R.

ಮೇಲಿನ ಅಂಕಗಳಲ್ಲಿ ಇನ್ನೊಂದು ಗುಣ ಕಾಣುತ್ತದೆ, ಅದು ಮೊದಮೊದಲು ನನ್ನನ್ನು ಕೆರಳಿಸಿತ್ತು. 80ರಲ್ಲಿರುವಾಗ ಒಂದು ದಿನ ಮಾಡಿದರೆ ಸಿಗುವುದು 1, ತಪ್ಪಿದರೆ ಹೋಗುವುದು 4. ಇದೆಂಥ ಬಡ್ಡಿ ವ್ಯಾಪಾರ ಎನಿಸಿತ್ತು. ಕುಳಿತು ನೋಡಿದರೆ ಅದರಲ್ಲೇ ಅದರ ಅರ್ಥ ಇದೆ: ಐದರಲ್ಲಿ ನಾಲ್ಕು ದಿನ ಮಾಡಿ ಒಂದು ದಿನ ತಪ್ಪುವವಳ ಅಂಕ ಏರಿಳಿದು ಕೊನೆಗೆ 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ಇದು ಬಹುಮಾನದ ಅಂಕವಲ್ಲ, ಈಚಿನ ತಿಂಗಳೆರಡು ತಿಂಗಳಲ್ಲಿ ನೂರಕ್ಕೆ ಎಷ್ಟು ದಿನ ಮಾಡುತ್ತಿದ್ದೇನೆ ಎಂಬುದರ ಅಂದಾಜು. ಎರಡು ವಾರ ಪೂರ್ತಿ ಬಿಟ್ಟರೆ ಅರ್ಧಕ್ಕೆ ಬರುತ್ತದೆ. ಕಾಲ ಕಳೆದಂತೆ ಹಳೆಯ ಸಾಹಸಗಳನ್ನು ಮರೆತೂ ಬಿಡುತ್ತದೆ, ಯುಗಾದಿಯ ಆ 23 ದಿನಗಳ ಪಾಲು ಈಗ ಅದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ನಿಜಕ್ಕೂ ಏಟು ಬೀಳುತ್ತದೆಯೇ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ, 2010ರಲ್ಲಿ ಅಚ್ಚಾದ ಲೇಖನದಲ್ಲಿ, ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವ ಗತಿ ಗಣನೀಯವಾಗಿ ಕೆಡಲಿಲ್ಲ ಎಂದಿದ್ದಾರೆ. ಅಭ್ಯಾಸವೊಂದು ಕೂಡಿಬರಲು 66 ದಿನ ಬೇಕು ಎಂದು ಎಲ್ಲರೂ ಉದಾಹರಿಸುವ ಮಾತು ಬಂದದ್ದೂ ಅಲ್ಲಿಂದಲೇ, ಆದರೆ ಜನರಿಂದ ಜನರಿಗೆ ಅದು 18ರಿಂದ 254 ದಿನದವರೆಗೆ ಹರಡಿತ್ತು. 254 ಎಂಬುದಂತೂ ಗೆರೆಯನ್ನು ಮುಂದಕ್ಕೆ ಎಳೆದು ಅಂದಾಜಿಸಿದ್ದು, ಅಧ್ಯಯನ ನಡೆದದ್ದೇ 84 ದಿನ. ಹಾಗಾಗಿ ಅರವತ್ತಾರನೆಯ ದಿನ ಹಬ್ಬ ಮಾಡುವ ಯೋಚನೆಯನ್ನು ನಾನು ಕೈಬಿಟ್ಟೆ.

ನನ್ನ ಹಾಳೆಯೂ ಹಾಗೆಯೇ ಹೇಳುತ್ತದೆ. ಒಂಟಿಯಾಗಿ ತಪ್ಪಿದ ದಿನಗಳ ನಂತರ ಏನೂ ಆಗಿಲ್ಲ. ಎರಡು ದಿನ ಜೊತೆಯಾಗಿ ತಪ್ಪಿದಾಗಲೇ ಅದು ಮೂರಾಗಿ, ಒಮ್ಮೆ ಐದಾಗಿ ಬೆಳೆದಿದೆ. ಹಾಗಾಗಿ ತಪ್ಪಿದ ದಿನದ ಬಗ್ಗೆ ನಾನೀಗ ಏನನ್ನೂ ಮಾಡುವುದಿಲ್ಲ, ಅಕ್ಷರ ಬರೆದು ಮುಚ್ಚಿಡುತ್ತೇನೆ. ಅದರ ಮರುದಿನಕ್ಕೆ ಮಾತ್ರ ಕಾವಲು. ರಾತ್ರಿಯೇ ಚಪ್ಪಲಿಯನ್ನು ಬಚ್ಚಲಮನೆಯ ಬಾಗಿಲಿಗೆ ಅಡ್ಡವಾಗಿ ಇಡುತ್ತೇನೆ, ಗೇಟಿನವರೆಗೆ ಹೋಗಿ ಬಂದರೂ ಆ ದಿನಕ್ಕೆ 1. ಇವರು ಒಮ್ಮೆ ಅದನ್ನು ಎಡವಿ, ನಿನ್ನ ಲೆಕ್ಕಪತ್ರಕ್ಕೆ ನನ್ನ ಹೆಬ್ಬೆರಳು ಬಲಿ ಎಂದರು.

ಡಿಸೆಂಬರ್‌ನಲ್ಲಿ ಹೊಸ ಅಕ್ಷರವೊಂದು ಬೇಕಾಯಿತು. ಜೂನ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ, ಜನವರಿಯಲ್ಲಿ ಏಳರ ಹತ್ತಿರ. ನನ್ನ ಅಲಾರಂಗೆ ಅದು ಗೊತ್ತಿಲ್ಲ. ಐದೂಮುಕ್ಕಾಲಕ್ಕೆ ಗೇಟು ತೆರೆದರೆ ಕಗ್ಗತ್ತಲು, ತಿರುವಿನಲ್ಲಿ ನಾಲ್ಕು ನಾಯಿ. ಕತ್ತಲೆಗೆ ಕ. ಒಂದೇ ವಾರದಲ್ಲಿ ಎರಡು ಕ ಬಿದ್ದ ಕೂಡಲೇ ಕಡಲತೀರ ಬಿಟ್ಟು, ದೀಪವಿರುವ ದೊಡ್ಡ ರಸ್ತೆಯ ಕಡೆ ತಿರುಗಿದೆ. ಮೊದಲಿನ ನಾನಾಗಿದ್ದರೆ ಇದು ಗೊತ್ತಾಗುವ ಹೊತ್ತಿಗೆ ಶಿವರಾತ್ರಿ ದಾಟಿರುತ್ತಿತ್ತು. ಕಡಲು ಕಾಣದ ನಡಿಗೆ ನೀರಸ, ಅದೂ ನಿಜ.

C ಕಾಲಂ ಅಳಿಸಿಲ್ಲ, ಮರೆಮಾಡಿದ್ದೇನೆ. ಮೊನ್ನೆ ಕುತೂಹಲಕ್ಕೆ ತೆರೆದು ನೋಡಿದೆ. ಯುಗಾದಿಯ 23 ದಿನದ ದಾಖಲೆಯನ್ನು ನಾನು ಈವರೆಗೂ ಮುರಿದಿಲ್ಲ, ಅದಾದ ಮೇಲಿನ ಅತಿ ಉದ್ದದ ಸರಪಳಿ 19. ಆ ಕಾಲಂ ಒಂದನ್ನೇ ನೋಡಿದವರು ಇವಳು ಹತ್ತು ತಿಂಗಳಿಂದ ಕೆಳಗೇ ಜಾರುತ್ತಿದ್ದಾಳೆ ಎನ್ನುತ್ತಾರೆ. D ಕಾಲಂನಲ್ಲಿ 86 ಇದೆ.

ಅತ್ತೆಯವರು ಹೊಸ ವರ್ಷದ ಕ್ಯಾಲೆಂಡರಿಗೆ ಹಳೆಯ ಪೆನ್ಸಿಲ್ಲನ್ನೇ ಕಟ್ಟಿದ್ದಾರೆ. ಅವರ ಬಿಪಿ ಮಾತ್ರೆ ಮರೆತ ದಿನ ಚೌಕದ ಇನ್ನೊಂದು ಮೂಲೆಯಲ್ಲಿ ಈಗ ಚುಕ್ಕೆ ಬೀಳುತ್ತಿದೆ. ಜನವರಿಯ ಚುಕ್ಕೆಗಳನ್ನು ಎಣಿಸಿ, "ಎಲ್ಲ ಶುಕ್ರವಾರವೇ ಅಲ್ಲವೇ?" ಎಂದು ನನ್ನನ್ನು ಕರೆದು ತೋರಿಸಿದರು. ಶುಕ್ರವಾರ ಅವರು ದೇವಸ್ಥಾನಕ್ಕೆ ಹೋಗಿ ಬಂದ ಮೇಲೆಯೇ ತಿಂಡಿ.

ಇದನ್ನು ಬರೆಯುತ್ತಿರುವುದು ಫೆಬ್ರುವರಿ 11ರ ರಾತ್ರಿ. ಕಚೇರಿಯಿಂದ ಬರುವಾಗ ಹತ್ತೂಕಾಲು, ಕೊನೆಯ ಗ್ರಾಹಕರ ಬಿಲ್ಲುಗಳಲ್ಲಿ ಮೂರು ಇನ್ನೂ ಸಿಕ್ಕಿಲ್ಲ. ನಾಳೆಯ ಸಾಲು ಹಳದಿಯದು. ಐದೂವರೆಯ ಅಲಾರಂ ತೆಗೆದಿದ್ದೇನೆ, ಚಪ್ಪಲಿ ಜಗಲಿಯಲ್ಲಿದೆ.